ಕೊಟ್ಟಿಗೆಯ ನೀರಿನ ಪೈಪು: ನಟ್ ಜಾಯಿಂಟೋ, ಪುಷ್-ಫಿಟ್ಟೋ?



ಈ ಸಲ ಕೆಚ್ಚಲು ಬಾವಿನ ಬಗ್ಗೆ ಬರೆಯಿರಿ ಎಂದು ನಿಮ್ಮಲ್ಲಿ ಹಲವರು ಕೇಳಿದ್ದಿರಿ. ಬರೆಯುತ್ತಿರುವುದೂ ಅದನ್ನೇ. ಆದರೆ ಔಷಧಿಯ ಕಡೆಯಿಂದ ಅಲ್ಲ, ನೀರಿನ ಪೈಪಿನ ಕಡೆಯಿಂದ. ಪಶುವೈದ್ಯೆಗೆ ಪ್ಲಂಬರ್ ಕೆಲಸ ಯಾಕೆ ಎಂದು ನಗಬೇಡಿ. ಒಂದೇ ಕೊಟ್ಟಿಗೆಗೆ, ಒಂದೇ ಹಸುವಿಗೆ, ಮೂರು ವಾರದಲ್ಲಿ ಎರಡು ಸಲ ಹೋಗಿ ಬಂದ ಮೇಲೆ ನಾನು ಇದನ್ನು ಕಲಿಯಲೇಬೇಕಾಯಿತು.

ಆ ಕೊಟ್ಟಿಗೆ ಭದ್ರಾವತಿ ಕಡೆಯದು. ಮೂರು ಹಸು, ಎರಡು ಎಚ್.ಎಫ್. ಮಿಶ್ರತಳಿ, ಒಂದು ಜೆರ್ಸಿ. ಅಕ್ಕ ಬಹಳ ಅಚ್ಚುಕಟ್ಟು. ಹಾಲು ಕರೆಯುವ ಮುಂಚೆ ಕೆಚ್ಚಲು ತೊಳೆದು ಒಣಬಟ್ಟೆಯಲ್ಲಿ ಒರೆಸುತ್ತಾರೆ, ಕರೆದ ಮೇಲೆ ತೊಟ್ಟುಗಳನ್ನು ಔಷಧಿಯಲ್ಲಿ ಅದ್ದುತ್ತಾರೆ. ಆದರೂ ಮೂರನೇ ಗೂಟದ ಜೆರ್ಸಿಗೆ ಹಿಂದಿನ ಬಲ ತೊಟ್ಟಿನಲ್ಲಿ ಬಾವು. ಔಷಧಿ ಕೊಟ್ಟು, ಗುಣವಾಗಿ, ಹದಿನೈದು ದಿನಕ್ಕೆ ಮತ್ತೆ ಅದೇ ಹಸುವಿಗೆ ಪಕ್ಕದ ತೊಟ್ಟಿನಲ್ಲಿ ಗರಣೆ ಹಾಲು. "ಮೇಡಂ, ಉಳಿದ ಎರಡಕ್ಕೆ ಇಲ್ಲ, ಇದಕ್ಕೇ ಯಾಕೆ?" ಎಂದು ಅಕ್ಕ ಕೇಳಿದರು. ಅದರ ಜೊತೆಗೆ ಇನ್ನೊಂದು ದೂರು: ಒಂಬತ್ತು ಲೀಟರ್ ಕೊಡುತ್ತಿದ್ದ ಹಸು ಏಳಕ್ಕೆ ಬಂದಿತ್ತು, ಅದೂ ಬಾವು ಬರುವ ಮುಂಚೆಯೇ.

ಎರಡನೇ ಸಲ ಹೋದಾಗ ಹಸುವನ್ನು ಎಬ್ಬಿಸಿ ಅದು ಮಲಗಿದ್ದ ಜಾಗದಲ್ಲಿ ಅಂಗೈ ಇಟ್ಟು ನೋಡಿದೆ. ಹಸಿ. ಗಂಜಳದ ಹಸಿ ಅಲ್ಲ, ತಣ್ಣಗಿನ ನೀರಿನ ಹಸಿ. ಮೇಲೆ ನೋಡಿದರೆ ಗೋದಲಿಯ ಮೂಲೆಯಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಜಾಯಿಂಟಿನಿಂದ ತೊಟ್ಟು ಬೀಳುತ್ತಿತ್ತು. ಒಂದು, ಎರಡು, ಮೂರು ಎಂದು ಎಣಿಸುವಷ್ಟು ನಿಧಾನವಾಗಿ. ಗೋಡೆಗುಂಟ ಇಳಿದು, ಇಳಿಜಾರಿನಲ್ಲಿ ಸಾಗಿ, ಸರಿಯಾಗಿ ಹಸುವಿನ ಹಿಂಗಾಲಿನ ಕೆಳಗೆ ಸೇರುತ್ತಿತ್ತು.

ಹಾಲು ಕರೆದ ಮೇಲೆ ತೊಟ್ಟಿನ ತೂತು ಪೂರ್ತಿ ಮುಚ್ಚಿಕೊಳ್ಳಲು ಸುಮಾರು ಅರ್ಧ ಗಂಟೆಯಾದರೂ ಬೇಕು. ಆ ಹೊತ್ತಿನಲ್ಲಿ ಹಸು ಒದ್ದೆ ನೆಲದಲ್ಲಿ ಮಲಗಿದರೆ ಸಗಣಿಯ ರೋಗಾಣುಗಳಿಗೆ ಬಾಗಿಲು ತೆರೆದಿಟ್ಟಂತೆ. ಇದಕ್ಕೇ ಕರೆದ ಕೂಡಲೇ ಮೇವು ಹಾಕಿ ನಿಲ್ಲಿಸಿ ಎಂದು ನಾವು ಹೇಳುವುದು. ಆದರೆ ಇಪ್ಪತ್ನಾಲ್ಕು ಗಂಟೆಯೂ ಒದ್ದೆಯಾದ ಜಾಗದಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತೀರಿ? ಗೊರಸೂ ಮೆತ್ತಗಾಗಿ ಸೀಳುತ್ತದೆ. ಬಾವಿಗೆ ಬೇರೆ ಕಾರಣಗಳೂ ಇರಬಹುದು, ಎಲ್ಲ ತಪ್ಪನ್ನೂ ಪೈಪಿನ ಮೇಲೆ ಹಾಕುವುದಿಲ್ಲ. ಆದರೆ ಆ ಮೂರು ಗೂಟಗಳಲ್ಲಿ ಒದ್ದೆಯಿದ್ದದ್ದು ಒಂದೇ, ಬಾವು ಬಂದದ್ದೂ ಒಂದಕ್ಕೇ.

ಆ ಜಾಯಿಂಟ್ ಹೇಗೆ ಬಂತು

ಹಳೆಯ ಎರಡು ಹಸುಗಳ ನೀರಿನ ಬಟ್ಟಲಿಗೆ 25 ಮಿ.ಮೀ. ಕರಿ ಪೈಪಿನ ಲೈನ್ ಇತ್ತು. ನಾವು ಕರಿ ಪೈಪ್ ಎನ್ನುವ ಎಚ್.ಡಿ.ಪಿ.ಇ. ಅದು. ಜೆರ್ಸಿ ಬಂದಾಗ ಮೂರನೇ ಬಟ್ಟಲು ಬೇಕಾಯಿತು. ನೆಂಟರ ಹುಡುಗ ಒಬ್ಬ ಮನೆಮನೆಗೆ ಹೋಗಿ ಆರ್.ಒ. ನೀರಿನ ಫಿಲ್ಟರ್ ರಿಪೇರಿ ಮಾಡುತ್ತಾನೆ. ಅವನ ಚೀಲದಲ್ಲಿದ್ದ ಬಿಳಿ ಸಣ್ಣ ಟ್ಯೂಬು ಮತ್ತು ಒತ್ತಿದರೆ ಕೂರುವ ಜಾಯಿಂಟ್ ಬಳಸಿ ಹತ್ತು ನಿಮಿಷದಲ್ಲಿ ನೀರು ಬರಿಸಿದ. ಆ ದಿನಕ್ಕೆ ಅದು ಉಪಕಾರವೇ. ಹಸು ಬಾಯಾರಿ ನಿಂತಿತ್ತು. ಆದರೆ ಆ ದಿನದ ಉಪಾಯ ಎಂಟು ತಿಂಗಳು ಹಾಗೇ ಉಳಿಯಿತು.

ಒತ್ತಿ ಕೂರಿಸುವ ಈ ಜಾಯಿಂಟನ್ನು ಅಂಗಡಿಯವರು ಪುಷ್-ಫಿಟ್ ಎನ್ನುತ್ತಾರೆ. ಅದರೊಳಗೆ ಎರಡು ವಸ್ತು ಇವೆ. ಬಾಯಲ್ಲಿ ಒಂದು ಸಣ್ಣ ಉಂಗುರ, ಅದರಲ್ಲಿ ಸ್ಟೀಲಿನ ಚಿಕ್ಕ ಹಲ್ಲುಗಳು. ಅವು ಟ್ಯೂಬನ್ನು ಒಳಗೆ ಬಿಡುತ್ತವೆ, ಹೊರಗೆ ಬಿಡುವುದಿಲ್ಲ. ಅದರ ಹಿಂದೆ ಒಂದು ರಬ್ಬರ್ ರಿಂಗು. ನೀರು ತಡೆಯುವುದು ಆ ರಬ್ಬರ್ ಮಾತ್ರ, ಹಲ್ಲುಗಳು ಹಿಡಿದಿಡುವುದಕ್ಕೆ ಅಷ್ಟೇ. ಬಿಚ್ಚಬೇಕಾದರೆ ಬಾಯಿಯ ಉಂಗುರವನ್ನು ಉಗುರಿನಿಂದ ಒಳಗೆ ಒತ್ತಿ ಹಿಡಿದು ಟ್ಯೂಬ್ ಎಳೆಯುತ್ತೀರಿ. ಪಾನಾ ಬೇಡ, ಟೇಪ್ ಬೇಡ.

ಅಂದರೆ ಪೂರ್ತಿ ಭಾರ ಒಂದು ತೆಳು ರಬ್ಬರ್ ಬಳೆಯ ಮೇಲೆ. ಆ ಬಳೆಗೆ ಮುಟ್ಟುವ ಟ್ಯೂಬು ದುಂಡಗಿರಬೇಕು, ನುಣುಪಾಗಿರಬೇಕು, ನೇರವಾಗಿ ನಿಂತಿರಬೇಕು. ಭದ್ರಾವತಿಯ ಕೊಟ್ಟಿಗೆಯಲ್ಲಿ ಇವುಗಳಲ್ಲಿ ಒಂದೂ ಉಳಿದಿರಲಿಲ್ಲ. ನಾನು ಆ ಟ್ಯೂಬ್ ಎಳೆದು ತೆಗೆದು ಬೆಳಕಿಗೆ ಹಿಡಿದೆ. ತುದಿಯನ್ನು ಕತ್ತಿಯಲ್ಲಿ ಓರೆಯಾಗಿ ಕತ್ತರಿಸಲಾಗಿತ್ತು. ಹಿಂದೆ ಎರಡು ಮೂರು ಸಲ ಬಿಚ್ಚಿ ಹಾಕಿದ್ದರಿಂದ ಹಲ್ಲುಗಳ ಉದ್ದುದ್ದ ಗೀರು ಬಿದ್ದಿತ್ತು, ಆ ಗೀರೇ ನೀರಿಗೆ ಕಾಲುವೆ. ಮೇಲಾಗಿ ಜಾಯಿಂಟ್ ಬಾಯಿಯ ಹತ್ತಿರವೇ ಟ್ಯೂಬು ಮಡಿಸಿ ತಿರುಗಿತ್ತು. ಹಸು ಗೋದಲಿಗೆ ಕತ್ತು ಉಜ್ಜಿದಾಗಲೆಲ್ಲ ಟ್ಯೂಬು ಪಕ್ಕಕ್ಕೆ ಜಗ್ಗಿ, ರಬ್ಬರಿನ ಒಂದು ಪಕ್ಕ ಒತ್ತಿ ಇನ್ನೊಂದು ಪಕ್ಕ ಸಡಿಲವಾಗುತ್ತಿತ್ತು. ಅರ್ಧ ಇಂಚು ಕೆಳಗೆ ಇಲಿ ಕಡಿದ ಗುರುತೂ ಇತ್ತು. ಹಿಂಡಿ ಇಡುವ ಕೊಟ್ಟಿಗೆಯಲ್ಲಿ ಇಲಿ ಇರುವುದು ಹೊಸತಲ್ಲ.

ಹಾಲು ಕಡಿಮೆಯಾದದ್ದಕ್ಕೂ ಉತ್ತರ ಅಲ್ಲೇ ಸಿಕ್ಕಿತು. ಬಟ್ಟಲಿನ ನೀರನ್ನು ಬಕೆಟ್ಟಿಗೆ ಬಿಟ್ಟು ಮೊಬೈಲಿನಲ್ಲಿ ಸಮಯ ನೋಡಿದೆವು. ಕರಿ ಪೈಪಿನ ಬಟ್ಟಲಿನಲ್ಲಿ ಹತ್ತು ಲೀಟರ್ ಬಕೆಟ್ ಒಂದು ನಿಮಿಷದೊಳಗೆ ತುಂಬಿತು. ಬಿಳಿ ಟ್ಯೂಬಿನ ಬಟ್ಟಲಿನಲ್ಲಿ ನಾಲ್ಕೂವರೆ ನಿಮಿಷ. ಹಾಲಿನ ನೂರು ಭಾಗದಲ್ಲಿ 87 ಭಾಗ ನೀರೇ. ಹತ್ತು ಲೀಟರ್ ಕೊಡುವ ಹಸು ಬೇಸಗೆಯಲ್ಲಿ ದಿನಕ್ಕೆ 60ರಿಂದ 80 ಲೀಟರ್ ಕುಡಿಯುತ್ತದೆ, ಅದರಲ್ಲಿ ದೊಡ್ಡ ಪಾಲು ಕರೆದ ಕೂಡಲೇ, ಒಂದೇ ಉಸಿರಿಗೆ. ಬಟ್ಟಲು ತುಂಬುವುದನ್ನು ಕಾಯುತ್ತಾ ಹಸು ನಿಲ್ಲುವುದಿಲ್ಲ, ಸಾಕೆಂದು ತಲೆ ಎತ್ತಿಬಿಡುತ್ತದೆ. ಈ ಬಕೆಟ್ ಪರೀಕ್ಷೆಯನ್ನು ನಿಮ್ಮ ಕೊಟ್ಟಿಗೆಯಲ್ಲಿ ಇವತ್ತೇ ಮಾಡಿ ನೋಡಬಹುದು.

ದುರ್ಗಿಗುಡಿಯ ಮನೆಯಲ್ಲಿ ಕಲಿತದ್ದು

ಪುಷ್-ಫಿಟ್ ತೆಗೆದು ಏನು ಹಾಕಬೇಕು? ಇಲ್ಲಿ ನನ್ನದೇ ಪೆದ್ದುತನದ ಕತೆ ಹೇಳಬೇಕು.

ನಾನು ಶಿವಮೊಗ್ಗದಲ್ಲಿ ದುರ್ಗಿಗುಡಿಯ ಹಳೆಯ ಮನೆಯೊಂದರಲ್ಲಿ ಬಾಡಿಗೆಗೆ ಇದ್ದೇನೆ. ತಾರಸಿಯ ಸೋಲಾರಿನಿಂದ ಬಚ್ಚಲಿಗೆ ಬರುವ ಬಿಸಿನೀರಿನ ಕೊಳವೆ ತಾಮ್ರದ್ದು. ಅದರ ಒಂದು ಹಿತ್ತಾಳೆ ನಟ್ಟಿನ ಹತ್ತಿರ ತೊಟ್ಟಿಕ್ಕತೊಡಗಿತು. ನಾನು ಪಾನಾ ತೆಗೆದುಕೊಂಡು ಬಿಗಿ ಮಾಡಿದೆ. ನಿಂತಿತು. ಮಾರನೇ ದಿನ ಮತ್ತೆ ಶುರು. ಇನ್ನಷ್ಟು ಬಿಗಿ ಮಾಡಿದೆ. ಮೂರನೇ ದಿನ ಮುಂಚಿಗಿಂತ ಜಾಸ್ತಿ. ನಟ್ಟಿನ ದಾರಕ್ಕೆ ಟೆಫ್ಲಾನ್ ಟೇಪ್ ಸುತ್ತಿ ಮತ್ತೆ ಬಿಗಿ ಮಾಡಿದೆ. ಆಗಲೂ ಅದೇ. ಕೊನೆಗೆ ಕರೆಸಿದ ವಯಸ್ಸಾದ ಪ್ಲಂಬರ್ ಒಬ್ಬರು ನಟ್ ಬಿಚ್ಚಿ, ಒಂದು ಹಿತ್ತಾಳೆ ಉಂಗುರ ತೋರಿಸಿ, "ಮೇಡಮ್ಮೋರೇ, ನೀರು ನಿಲ್ಸೋದು ನಟ್ಟಲ್ಲ, ಇದು. ಇದನ್ನ ನೀವು ಕೊಂದ್ಬಿಟ್ಟಿದೀರಿ" ಎಂದರು.

ಆ ಉಂಗುರಕ್ಕೆ ಆಲಿವ್ ಎಂದು ಹೆಸರು. ಅಂಗಡಿಯಲ್ಲಿ ಹಿತ್ತಾಳೆ ರಿಂಗ್ ಎಂದು ಕೇಳಿದರೂ ಕೊಡುತ್ತಾರೆ. ಮಧ್ಯ ದಪ್ಪ, ಎರಡೂ ಅಂಚು ಇಳಿಜಾರು. ಕೊಳವೆಯ ಮೇಲೆ ಅದನ್ನು ಏರಿಸಿ, ಕೊಳವೆಯನ್ನು ಜಾಯಿಂಟಿನೊಳಗೆ ತಡೆ ಸಿಗುವವರೆಗೆ ತಳ್ಳಿ ನಟ್ ತಿರುಗಿಸಿದರೆ, ಒಂದು ಕಡೆಯಿಂದ ನಟ್ಟಿನ ಇಳಿಜಾರು, ಇನ್ನೊಂದು ಕಡೆಯಿಂದ ಜಾಯಿಂಟಿನ ಇಳಿಜಾರು ಅದನ್ನು ಒತ್ತುತ್ತವೆ. ಉಂಗುರಕ್ಕೆ ಹೋಗಲು ಬೇರೆ ದಾರಿ ಇಲ್ಲದೆ ಒಳಕ್ಕೆ ಕುಗ್ಗಿ ಕೊಳವೆಯನ್ನು ಕಚ್ಚುತ್ತದೆ. ಹೊರಮೈ ಜಾಯಿಂಟಿಗೆ ಒತ್ತಿಕೊಳ್ಳುತ್ತದೆ. ನೀರಿಗೆ ಎರಡು ದಾರಿ ಇತ್ತು, ಉಂಗುರದ ಒಳಗಿಂದ ಒಂದು, ಹೊರಗಿಂದ ಒಂದು. ಎರಡೂ ಲೋಹಕ್ಕೆ ಲೋಹ ಕೂತು ಮುಚ್ಚಿದವು. ರಬ್ಬರಿನ ಹಂಗಿಲ್ಲ. ಇದಕ್ಕೇ ಕಂಪ್ರೆಷನ್ ಜಾಯಿಂಟ್ ಎನ್ನುವುದು.

ಕಾಲುಂಗುರ ಹಲವು ವರ್ಷ ಹಾಕಿದವರ ಬೆರಳು ನೋಡಿ. ಉಂಗುರ ತೆಗೆದರೂ ಅದರ ಅಚ್ಚು ಉಳಿದಿರುತ್ತದೆ, ಅಲ್ಲವೇ? ಆಲಿವ್ ಕೂತ ತಾಮ್ರದ ಕೊಳವೆಯೂ ಹಾಗೇ. ಸಣ್ಣ ಅಚ್ಚು ಬಿದ್ದರೆ ಅದು ಸರಿಯಾಗಿ ಕೂತಿದೆ ಎಂದು ಲೆಕ್ಕ. ಒಮ್ಮೆ ಕೂತ ಮೇಲೆ ಕೈಯಲ್ಲಿ ಜಾರಿಸಿ ತೆಗೆಯಲು ಬರುವುದಿಲ್ಲ. ಅಚ್ಚು ಆಳವಾಗಿ, ಕೊಳವೆಯೇ ಸೊಂಟ ಕಟ್ಟಿದಂತೆ ಒಳಗೆ ಹೋಗಿದ್ದರೆ ಅದು ನಾನು ಮಾಡಿದ ತಪ್ಪು. ಮಿತಿಮೀರಿ ಬಿಗಿ ಮಾಡಿದಾಗ ಮೆತ್ತಗಿನ ತಾಮ್ರ ಒಳಕ್ಕೆ ಕುಸಿಯುತ್ತದೆ, ಉಂಗುರಕ್ಕೆ ಒತ್ತಿ ನಿಲ್ಲಲು ಆಧಾರವೇ ಇರುವುದಿಲ್ಲ. ಆಮೇಲೆ ಎಷ್ಟು ತಿರುಗಿಸಿದರೂ ಸೋರಿಕೆ ಹೆಚ್ಚುತ್ತದೆಯೇ ಹೊರತು ನಿಲ್ಲುವುದಿಲ್ಲ. ಟೇಪ್ ಸುತ್ತಿದ್ದೂ ದಂಡ. ನಟ್ಟಿನ ದಾರದಲ್ಲಿ ನೀರು ಬರುವ ಕೆಲಸವೇ ಇಲ್ಲ, ಅಲ್ಲಿ ಒದ್ದೆ ಕಂಡರೆ ಉಂಗುರ ದಾಟಿ ಬಂದಿದೆ ಎಂದರ್ಥ.

ಆ ಹಿರಿಯರು ಮಾಡಿದ್ದನ್ನು ಪೂರ್ತಿ ನೋಡಿದೆ. ಹಳೆ ಅಚ್ಚು ದಾಟಿ ಕೊಳವೆಯನ್ನು ಕತ್ತರಿಸಿದರು. ಅದಕ್ಕೆ ಗರಗಸ ಬಳಸಲಿಲ್ಲ, ಕೊಳವೆಯ ಸುತ್ತ ತಿರುಗಿಸುವ ಚಿಕ್ಕ ಕಟ್ಟರಿನಲ್ಲಿ, ನೇರವಾಗಿ. ಒಳ ಹೊರ ಅಂಚಿನ ಮುಳ್ಳನ್ನು ಅರದಿಂದ ಉಜ್ಜಿದರು. ಕೊಳವೆಯ ಕಿಲುಬನ್ನು ಉಜ್ಜುಕಾಗದದಿಂದ ಸುತ್ತ ಒರೆಸಿದರು, ಉದ್ದಕ್ಕೆ ಗೀರಲಿಲ್ಲ. ಮೊದಲು ನಟ್, ಆಮೇಲೆ ಹೊಸ ಉಂಗುರ, ಆಮೇಲೆ ಕೊಳವೆಯನ್ನು ಒಳಗೆ ತಳ್ಳಿ ತಡೆ ಸಿಕ್ಕಿದೆಯೇ ಎಂದು ನೋಡಿದರು. ನಟ್ ಕೈಯಲ್ಲೇ ಆದಷ್ಟು ಬಿಗಿ ಮಾಡಿ, ಅದರ ಮೇಲೆ ಪೆನ್ನಿನಲ್ಲಿ ಒಂದು ಗೆರೆ ಎಳೆದರು. ಒಂದು ಪಾನಾದಲ್ಲಿ ಜಾಯಿಂಟನ್ನು ಹಿಡಿದು, ಇನ್ನೊಂದರಲ್ಲಿ ನಟ್ಟನ್ನು ಆ ಗೆರೆ ಒಂದು ಸುತ್ತು ಬರುವವರೆಗೆ ತಿರುಗಿಸಿ ನಿಲ್ಲಿಸಿದರು. ಅಷ್ಟೇ. "ನೀರು ಬಿಡಿ, ಜಿನುಗಿದ್ರೆ ಕಾಲು ಸುತ್ತು, ಅದಕ್ಕೂ ನಿಲ್ದಿದ್ರೆ ಬಿಚ್ಚಿ ನೋಡ್ಬೇಕು, ಬಿಗಿ ಮಾಡ್ಬಾರ್ದು" ಎಂದರು. ಎರಡು ಪಾನಾ ಯಾಕೆಂದರೆ, ಒಂದೇ ಪಾನಾದಲ್ಲಿ ತಿರುಗಿಸಿದರೆ ಪೂರ್ತಿ ಜಾಯಿಂಟೇ ತಿರುಗಿ ಇನ್ನೊಂದು ತುದಿಯ ಉಂಗುರ ಸಡಿಲವಾಗುತ್ತದೆ. ಇದು 15 ಮಿ.ಮೀ. ತಾಮ್ರದ ಕೊಳವೆಯ ಲೆಕ್ಕ.

ಕರಿ ಪೈಪಿಗೆ ಬಂದರೆ

ನಿಮ್ಮಲ್ಲಿ ತಾಮ್ರದ ಕೊಳವೆ ಇರುವವರು ಕಡಿಮೆ, ಕರಿ ಪೈಪ್ ಇಲ್ಲದ ಕೊಟ್ಟಿಗೆ ಅಪರೂಪ. ಅದಕ್ಕೆ ಹಾಕುವ, ದೊಡ್ಡ ಪ್ಲಾಸ್ಟಿಕ್ ನಟ್ ಇರುವ ಜಾಯಿಂಟ್ ಕೂಡ ಕಂಪ್ರೆಷನ್ ಜಾಯಿಂಟೇ. ಆದರೆ ಒಳಗಿನ ಸಂಸಾರ ಸ್ವಲ್ಪ ಬೇರೆ. ಹಿತ್ತಾಳೆಯ ಆಲಿವ್ ಹಿಡಿಯುವ ಕೆಲಸವನ್ನೂ ನೀರು ತಡೆಯುವ ಕೆಲಸವನ್ನೂ ಒಂದೇ ಮಾಡುತ್ತದೆ. ಇಲ್ಲಿ ಎರಡು ಕೆಲಸಕ್ಕೆ ಎರಡು ಬಳೆ. ಒಂದು ಕಡೆ ಸೀಳಿರುವ ಗಟ್ಟಿ ಬಿಳಿ ಬಳೆ ಪೈಪನ್ನು ಕಚ್ಚಿ ಹಿಡಿಯುತ್ತದೆ, ರಬ್ಬರ್ ರಿಂಗು ನೀರು ತಡೆಯುತ್ತದೆ. ಹಾಗಾದರೆ ಪುಷ್-ಫಿಟ್ಟಿಗೂ ಇದಕ್ಕೂ ಏನು ವ್ಯತ್ಯಾಸ, ಎರಡರಲ್ಲೂ ರಬ್ಬರೇ ಇದೆಯಲ್ಲ ಎಂದು ನೀವು ಕೇಳಬಹುದು. ವ್ಯತ್ಯಾಸ ಹಿಡಿತದಲ್ಲಿದೆ. ಇಲ್ಲಿ ನಟ್ ತಿರುಗಿಸಿದಂತೆ ಸೀಳು ಬಳೆ ಸುತ್ತಲೂ ಕುಗ್ಗಿ ಅಗಲವಾಗಿ ಹಿಡಿಯುತ್ತದೆ. ದಪ್ಪ ಪೈಪು, ಉದ್ದ ಬಾಯಿ, ಹಸು ಒರಗಿದರೂ ಪೈಪು ಬಾಯಲ್ಲಿ ಓಲಾಡುವುದಿಲ್ಲ. ಪೈಪು ಓಲಾಡದಿದ್ದರೆ ರಬ್ಬರ್ ತನ್ನ ಪಾಡಿಗೆ ವರ್ಷಗಟ್ಟಲೆ ಕೂತಿರುತ್ತದೆ. ಪುಷ್-ಫಿಟ್ಟಿನಲ್ಲಿ ಕೆಲವೇ ಸ್ಟೀಲ್ ಹಲ್ಲುಗಳು ತೆಳು ಟ್ಯೂಬಿಗೆ ಚುಚ್ಚಿ ನಿಂತಿರುತ್ತವೆ.

ಭದ್ರಾವತಿಯ ಕೊಟ್ಟಿಗೆಯಲ್ಲಿ ನಾವು ಮಾಡಿದ್ದು ಇಷ್ಟು. ಅಕ್ಕನ ಮಗಳು ಪೇಟೆಯಿಂದ 25 ಮಿ.ಮೀ. ಟೀ ಒಂದು, ಬಟ್ಟಲಿಗೆ ಕೂಡಿಸುವ, ಒಂದು ಕಡೆ ಅರ್ಧ ಇಂಚು ದಾರ ಇರುವ ಜಾಯಿಂಟ್ ಒಂದು, ಎರಡು ಮೀಟರ್ ಪೈಪು ತಂದಳು. ಅಂಗಡಿಗೆ ಹೋಗುವಾಗ ಹಳೆ ಪೈಪಿನ ಗೇಣುದ್ದ ತುಂಡು ಜೊತೆಗೆ ಒಯ್ಯಲು ಹೇಳಿದ್ದೆ. ಕರಿ ಪೈಪಿನ ಅಳತೆ ಹೊರಮೈಯದ್ದು, ಮುಕ್ಕಾಲು ಇಂಚು ಕೊಡಿ ಎಂದು ಬಾಯಲ್ಲಿ ಕೇಳಿದರೆ ಬೇರೆಯದು ಬರುತ್ತದೆ. ಪೈಪಿನ ಮೇಲೆ ಅಳತೆಯೂ IS 4984 ಎಂಬ ಗುರುತೂ ಅಚ್ಚಾಗಿದ್ದರೆ ಹೊರಮೈ ಅಳತೆ ನಂಬಬಹುದು. ಗುರುತಿಲ್ಲದ ಅಗ್ಗದ ಪೈಪು ಎಷ್ಟೋ ಸಲ ಪೂರ್ತಿ ದುಂಡಗಿರುವುದಿಲ್ಲ, ಅದಕ್ಕೆ ಯಾವ ರಬ್ಬರೂ ಹೊಂದುವುದಿಲ್ಲ.

ಟ್ಯಾಂಕಿನ ವಾಲ್ವ್ ಮುಚ್ಚಿ, ಲೈನಿನ ನೀರು ಬಸಿದೆವು. ಪೈಪಿಗೆ ಸುತ್ತಲೂ ಒಂದು ಕಾಗದ ಸುತ್ತಿದೆವು. ಕಾಗದದ ಅಂಚು ಅಂಚಿಗೆ ಸರಿಯಾಗಿ ಕೂತರೆ ಅದೇ ನೇರ ಗೆರೆ. ಅದರ ಗುಂಟ ಹ್ಯಾಕ್ಸಾದಲ್ಲಿ ಕೊಯ್ದು, ತುದಿಯ ಹೊರ ಅಂಚನ್ನು ಚಾಕುವಿನಿಂದ ಸ್ವಲ್ಪ ಸವರಿದೆವು. ಚೂಪಾದ ಅಂಚು ಹಾಗೇ ಇದ್ದರೆ ಒಳಗೆ ಹೋಗುವಾಗ ರಬ್ಬರನ್ನು ಕೊಯ್ದುಬಿಡುತ್ತದೆ. ಈ ಕೆಲಸದಲ್ಲಿ ಅತಿ ಹೆಚ್ಚು ಕೆಡುವುದು ಇಲ್ಲೇ, ಮತ್ತು ಕೆಟ್ಟದ್ದು ಹೊರಗೆ ಕಾಣುವುದಿಲ್ಲ.

ಜಾಯಿಂಟಿನ ನಟ್ ಬಿಚ್ಚುವಾಗ ಬಳೆಗಳು ಯಾವ ಕ್ರಮದಲ್ಲಿ, ಯಾವ ಮುಖವಾಗಿ ಇವೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆವು. ಸೀಳು ಬಳೆ ತಿರುಗಾಮುರುಗಾ ಕೂತರೆ ಪೈಪು ಬಿಗಿಯಾದಂತೆ ಕಾಣುತ್ತದೆ, ಎಳೆದರೆ ಕೈಗೇ ಬರುತ್ತದೆ. ಆಮೇಲೆ ಜಾಯಿಂಟಿನ ಪಕ್ಕ ಪೈಪನ್ನು ಹಿಡಿದು ಎಷ್ಟು ಒಳಗೆ ಹೋಗಬೇಕೋ ಅಲ್ಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ತುದಿಗೆ ಸೋಪಿನ ನೀರು ಸವರಿ, ತಿರುಗಿಸುತ್ತಾ ತಳ್ಳಿದರೆ ಮೊದಲು ಒಂದು ತಡೆ ಸಿಗುತ್ತದೆ. ಅದು ರಬ್ಬರ್ ರಿಂಗು. ಎಷ್ಟೋ ಜನ ಅಲ್ಲೇ ಆಯಿತು ಎಂದು ನಿಲ್ಲಿಸುತ್ತಾರೆ. ಅದನ್ನು ದಾಟಿ ಎರಡನೇ ತಡೆಯವರೆಗೆ, ಅಂದರೆ ಸೀಮೆಸುಣ್ಣದ ಗುರುತಿನವರೆಗೆ ಹೋಗಬೇಕು. ಎಣ್ಣೆ, ಸೀಮೆಎಣ್ಣೆ, ಗ್ರೀಸು ಹಚ್ಚಬೇಡಿ. ಅವು ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತವೆ. ಕೊನೆಗೆ ನಟ್ ಕೈಯಲ್ಲಿ ಪೂರ್ತಿ ಬಿಗಿ, ಪಟ್ಟಿಯ ಪಾನಾದಲ್ಲಿ ಇನ್ನೊಂದಿಷ್ಟು. ಉದ್ದನೆಯ ಪೈಪ್ ಪಾನಾ ಹಾಕಿ ಜೋರು ತೋರಿಸಿದರೆ ಪ್ಲಾಸ್ಟಿಕ್ ನಟ್ ಕೂದಲೆಳೆಯಷ್ಟು ಸೀಳುತ್ತದೆ, ಅದು ಆ ದಿನ ಗೊತ್ತಾಗುವುದಿಲ್ಲ.

ಬಟ್ಟಲಿನ ಕಡೆಯ ದಾರಕ್ಕೆ ಮಾತ್ರ ಟೆಫ್ಲಾನ್ ಟೇಪ್ ಬೇಕು. ಅಲ್ಲಿ ನೀರು ತಡೆಯುವುದು ದಾರವೇ. ಒಂದೇ ಜಾಯಿಂಟಿನ ಒಂದು ತುದಿಗೆ ಟೇಪ್ ಬೇಕು, ಇನ್ನೊಂದು ತುದಿಗೆ ಬೇಡ. ಈ ಗೊಂದಲ ನನಗೂ ಬಹಳ ದಿನ ಇತ್ತು.

ಎಲ್ಲ ಸೇರಿ ಮುಕ್ಕಾಲು ಗಂಟೆ ಹಿಡಿಯಿತು. ಪೈಪಿಗೆ ಗೋಡೆಯಲ್ಲಿ ಎರಡು ಕ್ಲಾಂಪ್ ಹೊಡೆಸಿದೆವು, ಜಾಯಿಂಟಿನ ಎರಡೂ ಪಕ್ಕ ಒಂದೊಂದು. ಆಗ ಹಸು ಉಜ್ಜಿದರೆ ಅದರ ಜಗ್ಗು ಕ್ಲಾಂಪಿಗೆ ಹೋಗುತ್ತದೆ, ಜಾಯಿಂಟಿಗಲ್ಲ.

ನೀರು ಬಿಟ್ಟ ಮೇಲೆ ಸೋರುತ್ತಿದೆಯೋ ಇಲ್ಲವೋ ನೋಡುವುದಕ್ಕೆ ಅಕ್ಕ ಮಾಡಿದ ಉಪಾಯ ನನಗೆ ಬಹಳ ಹಿಡಿಸಿತು. ಜಾಯಿಂಟನ್ನು ಒಣಬಟ್ಟೆಯಲ್ಲಿ ಒರೆಸಿ, ಕೆಳಗೆ ಒಂದು ಹಳೆ ತಟ್ಟೆ ಇಟ್ಟು ಅದರಲ್ಲಿ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿದರು. ಒಂದೇ ತೊಟ್ಟು ಬಿದ್ದರೂ ಚುಕ್ಕಿ ಮೂಡುತ್ತದೆ. ರಾತ್ರಿ ಇಟ್ಟು ಬೆಳಿಗ್ಗೆ ನೋಡಿದರು, ಚುಕ್ಕಿ ಇರಲಿಲ್ಲ. ನಾನು ಸೇರಿಸುವುದು ಇಷ್ಟೇ: ಪರೀಕ್ಷೆಯನ್ನು ಟ್ಯಾಂಕ್ ತುಂಬಿರುವಾಗ ಮಾಡಿ, ಮತ್ತು ಮೋಟಾರಿನ ನೀರನ್ನು ನೇರ ಲೈನಿಗೆ ಬಿಡುವ ಅಭ್ಯಾಸ ಇದ್ದರೆ ಆ ಹೊತ್ತಿನಲ್ಲೂ ಒಮ್ಮೆ ಮಾಡಿ. ಹತ್ತು ಅಡಿ ಎತ್ತರದ ಟ್ಯಾಂಕಿನ ಒತ್ತಡ ಬಹಳ ಕಡಿಮೆ. ಅರ್ಧಂಬರ್ಧ ಕೂತ ಜಾಯಿಂಟೂ ಅದನ್ನು ತಡೆಯುತ್ತದೆ, ಮೋಟಾರು ಹಾಕಿದ ದಿನ ಕಳಚಿಕೊಳ್ಳುತ್ತದೆ.

ಜೆರ್ಸಿ ಎರಡು ವಾರದಲ್ಲಿ ಎಂಟೂವರೆ ಲೀಟರಿಗೆ ಬಂತು. ಒಂಬತ್ತಕ್ಕೆ ಬರಲಿಲ್ಲ. ಬಾವು ಬಂದ ಹಿಂದಿನ ಬಲ ತೊಟ್ಟು ಈ ಸೂಲಿನಲ್ಲಿ ಮೊದಲಿನಷ್ಟು ಕೊಡುವುದಿಲ್ಲ, ಅಲ್ಲಿ ಸ್ವಲ್ಪ ಗಟ್ಟಿ ಉಳಿದಿದೆ.

ಹಾಗಾದರೆ ಪುಷ್-ಫಿಟ್ ಬೇಡವೇ?

ಬೇಕು. ಅಡುಗೆಮನೆಯ ಆರ್.ಒ. ಫಿಲ್ಟರಿಗೆ ಅದೇ ಸರಿ. ಅಲ್ಲಿ ತಣ್ಣೀರು, ನೆರಳು, ಯಾರೂ ಒರಗುವುದಿಲ್ಲ, ಸೋರಿದರೆ ಕಣ್ಣಿಗೆ ಬೀಳುತ್ತದೆ. ಸರಿಯಾಗಿ ಕತ್ತರಿಸಿ ಕೂರಿಸಿದ ಪುಷ್-ಫಿಟ್ ಅಂಥ ಜಾಗದಲ್ಲಿ ವರ್ಷಗಟ್ಟಲೆ ತೊಂದರೆ ಕೊಡುವುದಿಲ್ಲ. ಬೇಸಗೆಯಲ್ಲಿ ಹಸುಗಳ ಮೇಲೆ ನೀರಿನ ಮಂಜು ಸಿಂಪಡಿಸುವ ಫಾಗರ್ ಲೈನಿಗೂ ಸಾಮಾನ್ಯವಾಗಿ ಇಂಥದ್ದೇ ಬರುತ್ತದೆ. ಅದು ಹಸುವಿನ ತಲೆಗೆ ಎಟುಕದ ಎತ್ತರದಲ್ಲಿರುವುದರಿಂದ ನನ್ನ ಆಕ್ಷೇಪವಿಲ್ಲ. ಬಿಸಿಲು ನೇರ ಬೀಳುವ ಜಾಗದಲ್ಲಿ ಮಾತ್ರ ಟ್ಯೂಬು ಗಡುಸಾಗಿ ಬಿರಿಯುತ್ತದೆ, ಪ್ರತಿ ಬೇಸಗೆಯ ಮುಂಚೆ ಬಗ್ಗಿಸಿ ನೋಡಿ.

ರಾತ್ರಿ ಎಂಟಕ್ಕೆ ಲೈನ್ ಒಡೆದಾಗಲೂ ಸರಿಯಾದ ಅಳತೆಯ ಪುಷ್-ಫಿಟ್ ಕೈಲಿದ್ದರೆ ಹಾಕಿ, ಹಸು ನೀರು ಕುಡಿಯಲಿ. ಆದರೆ ಹಾಕುವಾಗ ಟ್ಯೂಬಿನ ತುದಿ ನೇರವಾಗಿ ಹೊಸದಾಗಿ ಕತ್ತರಿಸಿ. ಹಳೆ ಹಲ್ಲಿನ ಗೀರು ಇರುವ ಭಾಗ ಪೂರ್ತಿ ಹೋಗಲಿ. ಎಷ್ಟು ಒಳಗೆ ಹೋಗಬೇಕೆಂದು ಗುರುತು ಹಾಕಿ ತಳ್ಳಿ, ಆಮೇಲೆ ಒಮ್ಮೆ ಹಿಂದಕ್ಕೆ ಎಳೆದು ನೋಡಿ, ಹಲ್ಲು ಹಿಡಿದಿದ್ದರೆ ಬರುವುದಿಲ್ಲ. ಜಾಯಿಂಟಿನ ಬಾಯಿಂದ ನಾಲ್ಕು ಬೆರಳು ದೂರದವರೆಗೆ ಟ್ಯೂಬು ನೇರ ಇರಲಿ, ಮಡಿಕೆ ಅದರಾಚೆ. ಮತ್ತು ಆ ಜಾಯಿಂಟಿಗೆ ಒಂದು ಕೆಂಪು ಬಟ್ಟೆ ಕಟ್ಟಿ. ಸಂತೆಗೆ ಹೋದಾಗ ಬದಲಿ ತರಬೇಕೆಂದು ದಿನಾ ಕಣ್ಣಿಗೆ ಬೀಳಲಿ. ಭದ್ರಾವತಿಯಲ್ಲಿ ತಪ್ಪಾದದ್ದು ಆ ಹುಡುಗ ಹಾಕಿದ್ದಲ್ಲ, ಎಂಟು ತಿಂಗಳು ಯಾರೂ ತೆಗೆಯದೆ ಇದ್ದದ್ದು.

ಬಿಸಿನೀರಿನ ಲೈನಿಗೆ, ಗೋಡೆಯೊಳಗೆ ಅಥವಾ ಮಣ್ಣಿನಡಿ ಮುಚ್ಚಿಹೋಗುವ ಜಾಗಕ್ಕೆ, ಹಸು ಮುಟ್ಟುವ ಜಾಗಕ್ಕೆ ಫಿಲ್ಟರಿನ ಪುಷ್-ಫಿಟ್ ಹಾಕಬೇಡಿ. ಡ್ರಿಪ್ ಪೈಪಿಗೆ ಚುಚ್ಚಿ ಹಾಕುವ ಮುಳ್ಳಿನ ಜಾಯಿಂಟನ್ನು ಬಟ್ಟಲಿನ ಲೈನಿಗೆ ಹಾಕಿದ್ದನ್ನೂ ಎರಡು ಕಡೆ ನೋಡಿದ್ದೇನೆ, ಅದು ಪುಷ್-ಫಿಟ್ಟೂ ಅಲ್ಲ, ತೋಟಕ್ಕೆ ಮಾಡಿದ್ದು. ಅಡುಗೆ ಗ್ಯಾಸಿನ ಕೊಳವೆಯಲ್ಲಿ ಹಿತ್ತಾಳೆ ನಟ್ ಕಂಡು ಇದೂ ಅದೇ ತರಹ ಎಂದು ಕೈ ಹಾಕಬೇಡಿ. ಗೋಬರ್ ಗ್ಯಾಸಿಗೂ ನೀರಿನ ಜಾಯಿಂಟ್ ಬಳಸಬೇಡಿ. ಅದಕ್ಕೆ ಗೊತ್ತಿರುವವರೇ ಬರಬೇಕು.

ಇನ್ನೊಂದು ಮಾತು ಬಿಟ್ಟಿದ್ದೆ. ಕರಿ ಪೈಪಿನ ನಟ್ ಜಾಯಿಂಟನ್ನು ಬಿಚ್ಚಿ ಇನ್ನೊಂದು ಕಡೆ ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಹಾಕಬಹುದು. ಸೀಳು ಬಳೆಯ ಹಲ್ಲು ಸವೆದಿಲ್ಲವೇ, ರಬ್ಬರ್ ರಿಂಗು ಚಪ್ಪಟೆಯಾಗಿಲ್ಲವೇ ಎಂದು ನೋಡಿ. ರಿಂಗನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಮೊದಲಿನಂತೆ ದುಂಡಾಗದಿದ್ದರೆ ಹೊಸ ರಿಂಗ್ ತನ್ನಿ, ಅದು ಬಿಡಿಯಾಗಿಯೂ ಸಿಗುತ್ತದೆ. ಪೈಪಿನಲ್ಲಿ ಹಳೆ ಕಚ್ಚಿನ ಗುರುತಿರುವ ಭಾಗವನ್ನು ಮಾತ್ರ ಕತ್ತರಿಸಿ ತೆಗೆಯಿರಿ. ತಾಮ್ರದ ಕೊಳವೆಯ ಆಲಿವ್ ಹಾಗಲ್ಲ. ಅದೇ ಕೊಳವೆ, ಅದೇ ಜಾಯಿಂಟ್ ಆದರೆ ಬಿಚ್ಚಿ ಕೂಡಿಸಿದಾಗ ಹಳೆ ಉಂಗುರ ಮತ್ತೆ ಹಿಡಿಯಬಹುದು, ಬೇರೆ ಕಡೆ ಹಾಕುವುದಾದರೆ ಹೊಸ ಉಂಗುರವೇ ಬೇಕು.

ದುರ್ಗಿಗುಡಿಯ ನನ್ನ ಬಚ್ಚಲಲ್ಲಿ ಆ ಹಿರಿಯರು ನಟ್ಟಿನ ಮೇಲೆ ಎಳೆದ ಪೆನ್ನಿನ ಗೆರೆ ಇನ್ನೂ ಇದೆ. ಅದು ಕೂತ ಜಾಗದಿಂದ ಕದಲಿದೆಯೇ ಎಂದು ಆಗಾಗ ನೋಡುತ್ತೇನೆ, ಪಾನಾ ಮುಟ್ಟುವುದಿಲ್ಲ.